ನೌಕರನ ಸ್ಟೇಟಸ್ಸು, ಅಂಗಡಿಯ ಹೆಸರು: ವರ್ತಕ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕದ ಊರೂರುಗಳಲ್ಲಿ ಜವಳಿ ಅಂಗಡಿ, ಹೋಟೆಲು, ಔಷಧದಂಗಡಿ, ನರ್ಸಿಂಗ್ ಹೋಮು ಮೊದಲಾದವನ್ನು ಸ್ವಂತ ಪರಿಶ್ರಮದಿಂದ ಕಟ್ಟಿ ನಿಲ್ಲಿಸಿ, ಹತ್ತೋ ಇಪ್ಪತ್ತೋ ಕುಟುಂಬಗಳ ಅನ್ನಕ್ಕೆ ಆಧಾರವಾಗಿರುವ ವರ್ತಕ ಮಹಾಶಯರಾದ ತಮ್ಮನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗಳಿಗೆ ಕಷ್ಟಕಾಲದಲ್ಲಿ ಸಲಹೆ ಹೇಳುವುದಕ್ಕೆ ವಕೀಲರೂ ಪ್ರಚಾರಾಧಿಕಾರಿಗಳೂ ಇರುತ್ತಾರೆ. ತಮಗಾದರೋ, ಗಲ್ಲಾದ ಹಿಂದೆ ಕುಳಿತ ತಾವೇ ಮಾಲೀಕರು, ತಾವೇ ವಕ್ತಾರರು, ತಾವೇ ನ್ಯಾಯಾಧೀಶರು. ಕಾರ್ಮಿಕ ವ್ಯಾಜ್ಯಗಳಲ್ಲಿ ಕೆಲವು ಸಲ ಮಾಲೀಕರ ಪರವಾಗಿಯೂ ಕೆಲವು ಸಲ ನೌಕರರ ಪರವಾಗಿಯೂ ವಾದಿಸುತ್ತ ಬಂದಿರುವ ವಕೀಲನಾದ ನನ್ನ ಬಳಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಸಂಕಟವೊಂದನ್ನು ಹೊತ್ತು ಬರುವವರು ಹೆಚ್ಚಾಗಿದ್ದಾರೆ. ನೌಕರನೊಬ್ಬನು ತನ್ನ ಸ್ವಂತ ಮೊಬೈಲಿನಲ್ಲಿ, ತನ್ನ ಸ್ವಂತ ಖಾತೆಯಲ್ಲಿ, ಹಿಂದುಮುಂದು ನೋಡದೆ ಒಂದು ಚಿತ್ರವನ್ನೋ ನಾಲ್ಕು ಮಾತನ್ನೋ ಹಾಕಿರುತ್ತಾನೆ. ಬೆಳಗಾಗುವುದರೊಳಗೆ ಜನರು ಅವನನ್ನು ಬಿಟ್ಟು ಅಂಗಡಿಯ ಹೆಸರು ಹಿಡಿದು ಬಯ್ಯತೊಡಗಿರುತ್ತಾರೆ.

ಆ ಗಳಿಗೆಯಲ್ಲಿ ತಮ್ಮಲ್ಲಿ ಬಹುಮಂದಿ ಮಾಡುವುದೇನೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಲು ಅಪ್ಪಣೆಯಾಗಬೇಕು. ನೌಕರನನ್ನು ಒಂದು ಗಂಟೆಯೊಳಗೆ ಹೊರಗೆ ಹಾಕುತ್ತೀರಿ. ನೊಂದವರ ಕ್ಷಮೆಯನ್ನು ಮಾತ್ರ ವಾರ ಕಳೆದರೂ ಕೇಳುವುದಿಲ್ಲ. ನಡೆಯಬೇಕಾದ ಕ್ರಮ ಇದಕ್ಕೆ ತೀರ ವಿರುದ್ಧವಾದದ್ದು. ನೊಂದವರ ಬಳಿಗೆ ಆ ದಿನವೇ ಹೋಗಬೇಕು, ನೌಕರನ ವಿಚಾರಣೆಯನ್ನು ಸಾವಧಾನವಾಗಿ ನಡೆಸಬೇಕು. ಈ ಎರಡು ಕಾರ್ಯಗಳನ್ನು ಒಂದರೊಳಗೊಂದು ಬೆರೆಸಬಾರದು. ನನ್ನ ಅರಿಕೆಯೆಲ್ಲ ಇಷ್ಟೇ. ಆದರೆ ಇಷ್ಟನ್ನು ಮಾಡುವುದು ಹೇಗೆಂಬುದಕ್ಕೆ ವಿವರಗಳು ಬೇಕು.

ನಾನು ಕಣ್ಣಾರೆ ಕಂಡ ನಿದರ್ಶನವೊಂದನ್ನು ಹೇಳುತ್ತೇನೆ; ಊರಿನ ಹೆಸರನ್ನೂ ಅಂಗಡಿಯ ಹೆಸರನ್ನೂ ಹೇಳುವುದು ಉಚಿತವಲ್ಲ. ತಾಲ್ಲೂಕು ಕೇಂದ್ರದ ಹಳೆಯ ಜವಳಿ ಅಂಗಡಿ, ಮದುವೆಯ ಕಾಲ. ಸಮೀಪದ ಹಳ್ಳಿಯಿಂದ ಬಂದ ಕುಟುಂಬವೊಂದು ಧಾರೆ ಸೀರೆಗಾಗಿ ಮಧ್ಯಾಹ್ನದಿಂದ ಸಂಜೆಯವರೆಗೆ ಕುಳಿತು, ಕಪಾಟಿನಲ್ಲಿದ್ದ ಸೀರೆಗಳಲ್ಲಿ ಬಹುಪಾಲನ್ನು ಬಿಚ್ಚಿಸಿ ನೋಡಿ, ಕಡೆಗೆ ಬೆಲೆ ಹೊಂದಲಿಲ್ಲವೆಂದು ಎದ್ದಿತು. ಬೆಳಗ್ಗೆಯಿಂದ ನಿಂತೇ ಇದ್ದ ಸೀರೆ ವಿಭಾಗದ ಹುಡುಗಿ, ಅಷ್ಟನ್ನೂ ಮತ್ತೆ ಮಡಚಬೇಕಾದ ಬೇಸರದಲ್ಲಿ, ಗುಡ್ಡೆಬಿದ್ದ ಸೀರೆಗಳ ಚಿತ್ರವೊಂದನ್ನು ತೆಗೆದು, ‘ಕೊಳ್ಳೋ ಯೋಗ್ಯತೆ ಇಲ್ದಿದ್ರೂ ನೋಡೋ ಚಟ ಮಾತ್ರ ಬಿಡಲ್ಲ’ ಎಂದು ಬರೆದು, ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸಿದಳು. ಚಿತ್ರದ ಅಂಚಿನಲ್ಲಿ ಆ ಕುಟುಂಬದ ಅಜ್ಜಿಯ ಮುಖ ಅರ್ಧ ಕಾಣುತ್ತಿತ್ತು. ಹಿಂದಿನ ಗೋಡೆಯಲ್ಲಿ ಅಂಗಡಿಯ ಹೆಸರು ಪೂರ್ತಿಯಾಗಿ ಕಾಣುತ್ತಿತ್ತು.

ಸ್ಟೇಟಸ್ಸು ಇಪ್ಪತ್ತನಾಲ್ಕು ಗಂಟೆಯಲ್ಲಿ ತಾನಾಗಿ ಅಳಿಸಿಹೋಗುವ ವಸ್ತುವೆಂಬ ಧೈರ್ಯದಿಂದಲೇ ಜನರು ಅಲ್ಲಿ ನಾಲಗೆಯನ್ನು ಸಡಿಲ ಬಿಡುತ್ತಾರೆ. ಆದರೆ ಅದನ್ನು ನೋಡಿದವರಲ್ಲಿ ಅದೇ ಹಳ್ಳಿಯ, ಅವಳದೇ ಕಾಲೇಜಿನ ಸಹಪಾಠಿಯೊಬ್ಬಳಿದ್ದಳು. ಸ್ಕ್ರೀನ್‌ಶಾಟು ಹಳ್ಳಿಯ ಗ್ರೂಪಿಗೆ ಹೋಯಿತು. ಅಲ್ಲಿಂದ ತಾಲ್ಲೂಕಿನ ಫೇಸ್‌ಬುಕ್ ಪುಟಕ್ಕೆ ಹೋಯಿತು. ಅಲ್ಲಿಗೆ ಹೋಗುವಷ್ಟರಲ್ಲಿ ಹುಡುಗಿ ಮರೆಯಾಗಿ, ‘ಹಳ್ಳಿಯವರೆಂದರೆ ಈ ಅಂಗಡಿಗೆ ಇಷ್ಟು ಕೇವಲವೇ’ ಎಂಬ ಪ್ರಶ್ನೆಯೊಂದೇ ಉಳಿದಿತ್ತು. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಮೆಟ್ಟಿಲನ್ನೇ ತುಳಿಯದವರು ಒಂದೊಂದು ನಕ್ಷತ್ರವನ್ನು ಕೊಟ್ಟು ಹೋಗತೊಡಗಿದರು.

ಮಾಲೀಕರು ಆ ರಾತ್ರಿ ಎರಡು ಕೆಲಸಗಳನ್ನು ಮಾಡಿದರು. ಹುಡುಗಿಗೆ ಫೋನು ಮಾಡಿ, ನಾಳೆಯಿಂದ ಬರಬೇಡವೆಂದರು. ಅಂಗಡಿಯ ಪುಟದಲ್ಲಿ, ಸದರಿ ವ್ಯಕ್ತಿಗೂ ತಮ್ಮ ಸಂಸ್ಥೆಗೂ ಯಾವ ಸಂಬಂಧವೂ ಇಲ್ಲವೆಂದೂ, ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ ವಿಷಾದಿಸುವುದಾಗಿಯೂ ಬರೆಸಿದರು. ಮರುದಿನ ಬೆಳಗ್ಗೆ ಯಾರೋ, ಹಿಂದಿನ ವರ್ಷದ ಆಯುಧಪೂಜೆಯಲ್ಲಿ ಆ ಹುಡುಗಿ ಅಂಗಡಿಯ ಸಮವಸ್ತ್ರದಲ್ಲಿ ಮಾಲೀಕರ ಪಕ್ಕದಲ್ಲೇ ನಿಂತಿದ್ದ ಚಿತ್ರವನ್ನು, ಅದೇ ಪುಟದ ಹಳೆಯ ಪೋಸ್ಟುಗಳಿಂದಲೇ ಹೆಕ್ಕಿ ತೆಗೆದು ಕೆಳಗೆ ಅಂಟಿಸಿದರು. ಒಬ್ಬ ಹುಡುಗಿಯ ಅವಿವೇಕವಾಗಿದ್ದದ್ದು ಆಗ ಅಂಗಡಿಯ ಸುಳ್ಳಾಗಿ ಪರಿಣಮಿಸಿತು. ಮೊದಲನೆಯದನ್ನು ಜನ ಮರೆತಾರು, ಎರಡನೆಯದನ್ನು ಮರೆಯುವುದು ಕಷ್ಟ. ಆ ಮಧ್ಯಾಹ್ನ ಮಾಲೀಕರು ನನ್ನ ಕಚೇರಿಗೆ ಬಂದರು.

ಮೊದಲು ಮಾಡಬೇಕಾದ್ದು ನಡೆದದ್ದೇನೆಂಬುದನ್ನು ತಿಳಿಯುವುದು. ಇದು ಹೇಳುವಷ್ಟು ಸುಲಭವಲ್ಲ. ಸ್ಕ್ರೀನ್‌ಶಾಟನ್ನು ತಿದ್ದಬಹುದು, ಒಂದೇ ಹೆಸರಿನ ಇಬ್ಬರಿರಬಹುದು, ಕೆಲಸ ಬಿಟ್ಟು ವರ್ಷವಾದವನ ಖಾತೆಯಲ್ಲಿ ತಮ್ಮ ಅಂಗಡಿಯ ಹೆಸರು ಇನ್ನೂ ಉಳಿದಿರಬಹುದು, ಬೇರೊಬ್ಬನು ಅವನ ಮೊಬೈಲನ್ನು ತೆಗೆದುಕೊಂಡು ಚೇಷ್ಟೆ ಮಾಡಿರಬಹುದು. ಆದಕಾರಣ ಹರಿದಾಡುತ್ತಿರುವ ಚಿತ್ರವನ್ನು, ಅದು ತಮಗೆ ಯಾರಿಂದ ಎಷ್ಟು ಹೊತ್ತಿಗೆ ಬಂತೆಂಬ ವಿವರದೊಡನೆ, ಬಂದ ಸ್ಥಿತಿಯಲ್ಲೇ ಕಾದಿಟ್ಟುಕೊಂಡು, ನೌಕರನನ್ನು ಕರೆದು ಕೂರಿಸಿ, ಒಬ್ಬ ಹಿರಿಯ ಸಹೋದ್ಯೋಗಿಯ ಎದುರಿನಲ್ಲಿ, ಬೈಗುಳವಿಲ್ಲದೆ ಕೇಳಬೇಕು: ಇದು ನಿನ್ನದೇ? ಯಾವಾಗ ಹಾಕಿದೆ? ಯಾರು ಯಾರಿಗೆ ಕಾಣುವಂತಿತ್ತು? ಈಗ ಇದೆಯೇ, ತೆಗೆದೆಯಾ? ಮೊಬೈಲನ್ನು ಕಿತ್ತುಕೊಳ್ಳುವುದು, ಪಾಸ್‌ವರ್ಡನ್ನು ಹೇಳಿಸಿಕೊಂಡು ತಾವೇ ಒಳಹೊಕ್ಕು ಅಳಿಸುವುದು, ಇವೆರಡನ್ನೂ ದಯವಿಟ್ಟು ಮಾಡಬೇಡಿ. ನೌಕರನ ತಪ್ಪನ್ನು ತಿದ್ದಹೋಗಿ ತಾವೇ ಆಪಾದಿತರಾಗುವ ದಾರಿ ಅದು; ಸಾಲದ್ದಕ್ಕೆ, ಪೊಲೀಸರು ವಿಚಾರಿಸುವ ಮಟ್ಟಕ್ಕೆ ಸಂಗತಿ ಬೆಳೆದರೆ ಸಾಕ್ಷ್ಯವನ್ನು ನಾಶಪಡಿಸಿದವರೆಂಬ ಹೆಸರೂ ಬಂದೀತು. ತೆಗೆದುಹಾಕಬೇಕೆಂದು ನೌಕರನಿಗೆ ಹೇಳಬಹುದು. ತೆಗೆಯುವವನು ಅವನೇ ಆಗಿರಬೇಕು.

ಈ ಹುಡುಗಿಯ ವಿಷಯದಲ್ಲಿ ಹೀಗೆ ಕೇಳುತ್ತ ಹೋದಾಗ, ಮಾಲೀಕರು ನಿರೀಕ್ಷಿಸದೆ ಇದ್ದ ಸಂಗತಿಯೊಂದು ಹೊರಬಿತ್ತು. ಚಿತ್ರ ತನ್ನದೇ ಎಂದೂ, ಗಲಾಟೆ ಕಿವಿಗೆ ಬಿದ್ದೊಡನೆ ತಾನೇ ಅಳಿಸಿದೆನೆಂದೂ ಅವಳು ಒಪ್ಪಿಕೊಂಡಳು. ‘ನನ್ನ ಸ್ಟೇಟಸ್ ನೋಡೋರಲ್ಲಿ ಅರ್ಧಕ್ಕರ್ಧ ಅಂಗಡಿ ಗಿರಾಕಿಗಳೇ ಸರ್, ನೀವೇ ಅಲ್ವಾ ಹೊಸ ಸ್ಟಾಕು ಬಂದಾಗೆಲ್ಲ ಎಲ್ಲರೂ ಸ್ಟೇಟಸ್ಸಿಗೆ ಹಾಕಿ ಅಂತ ಹೇಳಿದ್ದು’ ಎಂದಳು. ಮಾತು ನಿಜವಾಗಿತ್ತು. ದಸರೆಯ ರಿಯಾಯಿತಿ, ಆಷಾಢದ ಮಾರಾಟ, ಇಳಕಲ್ಲಿನ ಹೊಸ ಕಟ್ಟು, ಎಲ್ಲದರ ಚಿತ್ರಗಳನ್ನೂ ನೌಕರರು ತಮ್ಮ ಸ್ವಂತ ಖಾತೆಗಳಲ್ಲಿ ಹಾಕಬೇಕೆಂಬುದು ಅಂಗಡಿಯ ಅಲಿಖಿತ ನಿಯಮ. ಗಿರಾಕಿಗಳ ನಂಬರುಗಳನ್ನು ತಮ್ಮ ಮೊಬೈಲಿನಲ್ಲೇ ಉಳಿಸಿಕೊಂಡಿರಬೇಕೆಂಬುದೂ ಅದರ ಭಾಗ. ಸಂಬಳಕ್ಕೆ ಸೇರದ, ಖರ್ಚಿಲ್ಲದ ಈ ಪ್ರಚಾರದ ಲಾಭವನ್ನು ವರ್ಷಗಟ್ಟಲೆ ಉಂಡ ಮಾಲೀಕರು, ಒಂದು ಚಿತ್ರ ಕೆಟ್ಟದ್ದಾಗಿ ಬಂದ ದಿನ ಮಾತ್ರ ‘ಅದು ಆಕೆಯ ಖಾಸಗಿ ಖಾತೆ, ನಮಗೇನು ಸಂಬಂಧ’ ಎನ್ನಲು ಹೇಗೆ ಸಾಧ್ಯ? ಅಂಗಡಿಯ ಬಾಗಿಲನ್ನು ನೌಕರರ ಜೇಬಿನವರೆಗೆ ವಿಸ್ತರಿಸಿದವರು ಅವರೇ ಆಗಿದ್ದರು. ತಮ್ಮಲ್ಲಿ ಎಷ್ಟು ಮಂದಿಯ ಅಂಗಡಿಗಳಲ್ಲಿ ಈ ಪದ್ಧತಿಯಿದೆಯೆಂಬುದನ್ನು ತಾವೇ ಆಲೋಚಿಸಬೇಕೆಂದು ಬೇಡುತ್ತೇನೆ.

ಎರಡನೆಯ ಕೆಲಸ, ನೊಂದವರ ಬಳಿಗೆ ಹೋಗುವುದು. ಇಲ್ಲಿ ನೊಂದವರೆಂದರೆ ಫೇಸ್‌ಬುಕ್ಕಿನ ಸಾರ್ವಜನಿಕರಲ್ಲ; ಆ ಅಜ್ಜಿ, ಆ ಕುಟುಂಬ. ಸಹಪಾಠಿಯ ಮೂಲಕ ವಿಳಾಸ ತಿಳಿದು, ಮಾಲೀಕರೂ ಅವರ ಶ್ರೀಮತಿಯವರೂ ಅದೇ ಸಂಜೆ ಹಳ್ಳಿಗೆ ಹೋದರು. ಸೀರೆಯೊಂದನ್ನು ಕಾಣಿಕೆಯಾಗಿ ಒಯ್ಯುವ ಯೋಚನೆಯಿತ್ತು. ಬೇಡವೆಂದೆ, ಏಕೆಂದರೆ ಕ್ಷಮೆಯ ಜೊತೆಗೆ ಕೊಟ್ಟ ವಸ್ತು ಬೆಲೆಯಂತೆ ಕಾಣುತ್ತದೆ. ಕೊಳ್ಳುವ ಯೋಗ್ಯತೆಯಿಲ್ಲವೆಂಬ ಮಾತಿನಿಂದ ನೊಂದವರಿಗೆ ಪುಕ್ಕಟೆ ಸೀರೆಯನ್ನು ಕೊಡುವುದಂತೂ ಅದೇ ಮಾತನ್ನು ಇನ್ನೊಮ್ಮೆ ಆಡಿದಂತೆ. ಚಿತ್ರ ತೆಗೆಯುವವರನ್ನೂ ಕರೆದೊಯ್ಯಲಿಲ್ಲ. ಅಜ್ಜಿಗಿಂತ ಅವರ ಮಗನಿಗೆ ಕೋಪ ಹೆಚ್ಚಾಗಿತ್ತು. ಬಹಳ ಹೊತ್ತು ಮಾತನಾಡಿದ ಮೇಲೆ ಅಜ್ಜಿ ಹೇಳಿದರಂತೆ, ‘ಆ ಹುಡ್ಗಿ ಪಾಪ ನಿಂತೇ ಇತ್ತು, ನಾವೇ ಒಂದು ನೀರು ಕುಡ್ಕೊಂಡು ಬಾ ಅನ್ನಲಿಲ್ಲ’. ಎಲ್ಲ ಮನೆಗಳಲ್ಲಿಯೂ ಇಂಥ ಮಾತು ದೊರೆಯುತ್ತದೆಂದು ನಾನು ಹೇಳಲಾರೆ. ಬಾಗಿಲು ತೆರೆಯದೆ ಕಳುಹಿಸಿದವರೂ ಇದ್ದಾರೆ. ಹಾಗಾದಾಗಲೂ ಹೋಗಿ ಬಂದದ್ದು ವ್ಯರ್ಥವಲ್ಲ, ಏಕೆಂದರೆ ಮುಂದೆ ಬರೆಯಬೇಕಾದ ಹೇಳಿಕೆಯಲ್ಲಿ ಸತ್ಯವಾದ ಒಂದು ವಾಕ್ಯವಾದರೂ ಇರುತ್ತದೆ.

ಹೇಳಿಕೆಯ ವಿಷಯಕ್ಕೆ ಬರುತ್ತೇನೆ. ಯಾರಿಗಾದರೂ ನೋವಾಗಿದ್ದಲ್ಲಿ ಎಂಬ ಷರತ್ತಿನ ಕ್ಷಮೆಯನ್ನು ಓದಿದವರು, ನೋವಾಯಿತೇ ಇಲ್ಲವೇ ಎಂಬುದನ್ನೇ ಈತ ಇನ್ನೂ ನಿರ್ಧರಿಸಿಲ್ಲವೆಂದು ತಿಳಿಯುತ್ತಾರೆ. ಅಂಗಡಿಯ ಸ್ಥಾಪನೆಯ ವರ್ಷವನ್ನೂ ಮೂರು ತಲೆಮಾರಿನ ಸೇವೆಯನ್ನೂ ಅದರಲ್ಲಿ ಸೇರಿಸುವುದು ಜಾಹೀರಾತಾಗುತ್ತದೆ. ನೌಕರನ ಹೆಸರನ್ನು ಬರೆದರೆ ಅವನನ್ನು ಗುಂಪಿನ ಕೈಗೆ ಒಪ್ಪಿಸಿದಂತಾಗುತ್ತದೆ. ಆ ದಿನ ನಾವು ಬರೆದದ್ದು ಹೀಗಿತ್ತು: ‘ನಮ್ಮಲ್ಲಿಗೆ ಬಂದಿದ್ದ ಕುಟುಂಬವೊಂದರ ಚಿತ್ರವನ್ನು ಅವರ ಅನುಮತಿಯಿಲ್ಲದೆ ತೆಗೆದು, ಅವಹೇಳನದ ಮಾತಿನೊಡನೆ ನಮ್ಮ ನೌಕರರೊಬ್ಬರು ಸ್ಟೇಟಸ್ಸಿನಲ್ಲಿ ಹಾಕಿದ್ದು ನಿಜ. ಅದು ತಪ್ಪು. ಆ ಕುಟುಂಬದವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ. ಚಿತ್ರ ಹಾಕಿದವರು ನಮ್ಮ ನೌಕರರಲ್ಲವೆಂದು ನಿನ್ನೆ ನಾವು ಬರೆದದ್ದು ಸುಳ್ಳು. ಅದಕ್ಕಾಗಿಯೂ ಕ್ಷಮೆ ಬೇಡುತ್ತೇನೆ. ಅಂಗಡಿಯೊಳಗೆ ಗಿರಾಕಿಗಳ ಚಿತ್ರ ತೆಗೆಯುವುದನ್ನು ಇಂದಿನಿಂದ ನಿಲ್ಲಿಸಿದ್ದೇವೆ. ನೌಕರರ ವಿಚಾರಣೆಯನ್ನು ನಿಯಮದಂತೆ ನಡೆಸುತ್ತೇವೆ. ಅವರನ್ನು ನಿಂದಿಸಬಾರದೆಂದು ಎಲ್ಲರಲ್ಲಿಯೂ ವಿನಂತಿ. ಇಲ್ಲಿ ನಡೆಯುವುದಕ್ಕೆಲ್ಲ ಹೊಣೆ ನನ್ನದು.’ ಕೆಳಗೆ ಮಾಲೀಕರ ಹೆಸರು, ಸಂಸ್ಥೆಯ ಮುದ್ರೆಯಲ್ಲ. ಮನೆಗೆ ಹೋದ ಸಂಗತಿಯನ್ನು ಬರೆಯಲು ಆ ಕುಟುಂಬದವರನ್ನು ಮೊದಲು ಕೇಳಿ ಒಪ್ಪಿಗೆ ಪಡೆದಿದ್ದೆವು. ಹಿಂದಿನ ಸುಳ್ಳು ಹೇಳಿಕೆಯನ್ನು ಅಳಿಸದೆ, ಅದರಡಿಯಲ್ಲಿಯೇ ತಿದ್ದುಪಡಿಯನ್ನು ಸೇರಿಸಿದೆವು. ಯಾರು ಎಲ್ಲಿ ನೋಡಿ ನೊಂದರೋ ಅಲ್ಲಿಯೇ ಈ ಮಾತು ತಲುಪಬೇಕಾದ್ದರಿಂದ ಹಳ್ಳಿಯ ಗ್ರೂಪಿಗೂ ಅದನ್ನು ಕಳುಹಿಸಲಾಯಿತು. ಪತ್ರಿಕೆಯಲ್ಲಿ ಪ್ರಕಟಣೆ ಕೊಡುವುದು ಬೇಡವೆಂದೆ. ವಿಷಯವೇ ಗೊತ್ತಿಲ್ಲದ ಸಾವಿರ ಮಂದಿಗೆ ಅದನ್ನು ಸಾರಿ ಬರುವ ಪುರುಷಾರ್ಥವೇನು?

ಆಮೇಲೆ ವಾದಕ್ಕಿಳಿಯಬಾರದು. ಪ್ರಶ್ನೆ ಕೇಳಿದವರಿಗೆ ಆ ಹೇಳಿಕೆಯನ್ನೇ ತೋರಿಸುವುದು, ಬೈದವರ ಮುಂದೆ ಸುಮ್ಮನಿರುವುದು, ಹುಡುಗಿಯ ಜಾತಿ, ಮನೆ, ನಂಬರುಗಳನ್ನು ಹಾಕಿದ ಕಾಮೆಂಟುಗಳನ್ನು ಮಾತ್ರ ತೆಗೆದುಹಾಕುವುದು. ಗೂಗಲ್ಲಿನ ಒಂದು ನಕ್ಷತ್ರದ ವಿಮರ್ಶೆಗಳಿಗೆ ಪ್ರತಿಯಾಗಿ ನೌಕರರಿಂದಲೂ ನೆಂಟರಿಂದಲೂ ಐದು ನಕ್ಷತ್ರಗಳನ್ನು ಹಾಕಿಸುವ ಸಲಹೆಯನ್ನು ಮಾಲೀಕರ ಅಳಿಯ ಕೊಟ್ಟರು. ಎರಡನೆಯ ಸುಳ್ಳಿಗೆ ಇದಕ್ಕಿಂತ ಸುಲಭವಾದ ಮಾರ್ಗ ಬೇರಿಲ್ಲ. ಅಂಗಡಿಗೆ ಬಂದ ಅನುಭವವನ್ನೇ ಆಧರಿಸದ ವಿಮರ್ಶೆಗಳು ಗೂಗಲ್ಲಿನ ನಿಯಮಕ್ಕೆ ವಿರುದ್ಧವಾದವು. ಅವುಗಳನ್ನು ಒಂದೊಂದಾಗಿ ಅವರಿಗೆ ವರದಿ ಮಾಡಬಹುದು, ಕೆಲವು ಹೋಗುತ್ತವೆ, ಕೆಲವು ಉಳಿಯುತ್ತವೆ.

ತ್ವರೆ ಮತ್ತು ವಿಳಂಬಗಳ ಫಲವನ್ನು ತಿಳಿಯಬೇಕೆಂದರೆ ಅಮೆರಿಕದ ಎರಡು ಪ್ರಸಿದ್ಧ ಸಂದರ್ಭಗಳನ್ನು ನೋಡಬಹುದು. 2009ರ ಏಪ್ರಿಲ್ಲಿನಲ್ಲಿ ಉತ್ತರ ಕ್ಯಾರೊಲಿನಾದ ಕಾನೋವರ್ ಎಂಬ ಊರಿನ ಡೊಮಿನೊಸ್ ಪಿಜ್ಜಾ ಅಂಗಡಿಯ ಇಬ್ಬರು ಕೆಲಸಗಾರರು, ತಿನಿಸನ್ನು ಹೊಲಸು ಮಾಡುವ ವಿಡಿಯೋವೊಂದನ್ನು ತಮಾಷೆಗೆಂದು ತೆಗೆದು ಯೂಟ್ಯೂಬಿಗೆ ಹಾಕಿದರು. ಕಂಪನಿಯು ಅಂಗಡಿ ಯಾವುದೆಂದು ಪತ್ತೆಹಚ್ಚಿ ಅವರನ್ನು ಬೇಗನೆ ವಜಾ ಮಾಡಿತು; ಆದರೆ ಬಹಿರಂಗವಾಗಿ ಮಾತನಾಡಿದರೆ ಇನ್ನಷ್ಟು ಮಂದಿ ನೋಡಿಯಾರೆಂಬ ಭಯದಿಂದ ಮೊದಲಿಗೆ ಮೌನವಹಿಸಿತು. ಆ ಮೌನದ ಅವಧಿಯಲ್ಲಿ ನೋಡಿದವರ ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ಕಡೆಗೆ ಅಧ್ಯಕ್ಷ ಪ್ಯಾಟ್ರಿಕ್ ಡಾಯ್ಲ್ ಅವರೇ ಯೂಟ್ಯೂಬಿನಲ್ಲಿ ಕಾಣಿಸಿಕೊಂಡು ಕ್ಷಮೆ ಕೇಳಬೇಕಾಯಿತು. ಇದಕ್ಕೆ ಪ್ರತಿಯಾಗಿ 2012ರ ಅಕ್ಟೋಬರಿನಲ್ಲಿ, ಅಧ್ಯಕ್ಷೀಯ ಚುನಾವಣೆಯ ಚರ್ಚೆ ನಡೆಯುತ್ತಿದ್ದ ರಾತ್ರಿ, ಅಡುಗೆಮನೆಯ ಯಂತ್ರಗಳನ್ನು ಮಾರುವ ಕಿಚನ್‌ಏಡ್ ಸಂಸ್ಥೆಯ ಟ್ವಿಟರ್ ಖಾತೆಯನ್ನು ನೋಡಿಕೊಳ್ಳುತ್ತಿದ್ದವರೊಬ್ಬರು, ಒಬಾಮಾ ಅವರ ದಿವಂಗತ ಅಜ್ಜಿಯ ಬಗೆಗೆ ಕ್ರೂರವಾದ ನಗೆಮಾತೊಂದನ್ನು, ತಮ್ಮ ಸ್ವಂತ ಖಾತೆಯೆಂದು ಭ್ರಮಿಸಿ, ಸಂಸ್ಥೆಯ ಖಾತೆಯಿಂದಲೇ ಹೊರಬಿಟ್ಟರು. ಅದನ್ನು ಬೇಗನೆ ತೆಗೆದುಹಾಕಲಾಯಿತು. ಆ ರಾತ್ರಿಯೇ ಆ ವಿಭಾಗದ ಮುಖ್ಯಸ್ಥೆ ಸಿಂಥಿಯಾ ಸೊಲೆಡಾಡ್ ಅವರು ತಮ್ಮ ಹೆಸರನ್ನು ಹೇಳಿ, ಅಧ್ಯಕ್ಷರನ್ನೂ ಅವರ ಕುಟುಂಬವನ್ನೂ ಓದುಗರನ್ನೂ ಕ್ಷಮೆ ಕೇಳಿ, ಹೊಣೆ ತಮ್ಮದೆಂದರು. ಅಲ್ಲಿಗೆ ಸಂಗತಿ ಬಹುಮಟ್ಟಿಗೆ ತಣ್ಣಗಾಯಿತು.

ಎಲ್ಲ ಪ್ರಮಾದಗಳಿಗೂ ಇಷ್ಟು ಗಂಭೀರವಾದ ಕ್ಷಮೆ ಬೇಕೆಂದೇನೂ ಇಲ್ಲ. 2011ರಲ್ಲಿ ಅಮೆರಿಕನ್ ರೆಡ್ ಕ್ರಾಸ್ ಸಂಸ್ಥೆಯ ಖಾತೆಯಿಂದ, ಬಿಯರ್ ಕುಡಿಯುವ ಸಂಭ್ರಮದ ಒಂದು ಸ್ವಂತ ಮಾತು ಅಕಸ್ಮಾತ್ತಾಗಿ ಹೊರಬಿದ್ದಾಗ, ಸಂಸ್ಥೆಯವರು ಅದನ್ನು ತೆಗೆದು, ರೆಡ್ ಕ್ರಾಸ್ ಅಮಲಿನಲ್ಲಿಲ್ಲ, ಗಾಡಿಯ ಬೀಗದ ಕೈಯನ್ನು ಕಸಿದುಕೊಂಡಿದ್ದೇವೆ ಎಂಬರ್ಥದ ವಿನೋದದ ಮಾತಿನಿಂದಲೇ ಮುಗಿಸಿದರು. ಜನ ನಕ್ಕರು, ಆ ಬಿಯರ್ ಕಂಪನಿಯ ಅಭಿಮಾನಿಗಳು ದೇಣಿಗೆಯನ್ನೂ ಕೊಟ್ಟರು. ಅಲ್ಲಿ ನೊಂದವರು ಯಾರೂ ಇರಲಿಲ್ಲ, ಆದ್ದರಿಂದ ನಗೆ ಸಲ್ಲುತ್ತಿತ್ತು. ಸೀರೆಯಂಗಡಿಯಲ್ಲಿ ಒಬ್ಬ ಅಜ್ಜಿ ಇದ್ದರು.

ಈಗ ನೌಕರನ ವಿಚಾರ. ಫೋನಿನಲ್ಲಿ ‘ನಾಳೆಯಿಂದ ಬರಬೇಡ’ ಎಂದ ಮಾತು ಕೋಪದ ಮಾತು ಮಾತ್ರವಲ್ಲ, ಕಾನೂನಿನ ದೃಷ್ಟಿಯಲ್ಲಿ ದುರ್ಬಲವಾದ ಮಾತು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ 39ನೆಯ ಪ್ರಕರಣದ ಪ್ರಕಾರ, ಆರು ತಿಂಗಳು ಎಡೆಬಿಡದೆ ಸೇವೆ ಸಲ್ಲಿಸಿದ ನೌಕರನನ್ನು ಯುಕ್ತವಾದ ಕಾರಣವಿಲ್ಲದೆಯೂ, ಒಂದು ತಿಂಗಳ ನೋಟೀಸನ್ನಾಗಲಿ ಅದಕ್ಕೆ ಬದಲಾಗಿ ಸಂಬಳವನ್ನಾಗಲಿ ಕೊಡದೆಯೂ ತೆಗೆಯುವಂತಿಲ್ಲ. ದುರ್ನಡತೆಯ ಆಪಾದನೆಯ ಮೇಲೆ ನೋಟೀಸಿಲ್ಲದೆ ತೆಗೆಯಬೇಕಾದರೆ, ಆ ಉದ್ದೇಶಕ್ಕಾಗಿಯೇ ನಡೆಸಿದ ವಿಚಾರಣೆಯಲ್ಲಿ ದಾಖಲಾದ ಸಮಾಧಾನಕರವಾದ ಸಾಕ್ಷ್ಯವಿರಬೇಕು. ಹುಡುಗಿಯ ಸೇವೆ ಎರಡು ವರ್ಷವನ್ನು ದಾಟಿತ್ತು. ಕೆಲಸದ ಸ್ಥಳದ ಹೊರಗಿನ ವರ್ತನೆಯೆಲ್ಲವೂ ಮಾಲೀಕನ ದಂಡನಾಧಿಕಾರಕ್ಕೆ ಒಳಪಡುವುದಿಲ್ಲವೆಂಬ ಧೋರಣೆಯನ್ನು ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ಗ್ಲ್ಯಾಕ್ಸೊ ಲ್ಯಾಬೊರೇಟರೀಸ್ ಮೊಕದ್ದಮೆಯಲ್ಲಿ ತಳೆದಿದೆ. ಅದು ಕಾರ್ಖಾನೆಯ ಸ್ಥಾಯೀ ಆದೇಶಗಳಿಗೆ ಸಂಬಂಧಿಸಿದ ತೀರ್ಪು. ಆದರೂ ಅದರಿಂದ ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ದೊರೆಯುತ್ತದೆ: ಈ ಪೋಸ್ಟಿಗೂ ಇವನ ಕೆಲಸಕ್ಕೂ ಇರುವ ಸಂಬಂಧವೇನು? ಹುಡುಗಿಯ ವಿಷಯದಲ್ಲಿ ಸಂಬಂಧ ಸ್ಪಷ್ಟವಾಗಿತ್ತು. ಚಿತ್ರ ತೆಗೆದದ್ದು ಅಂಗಡಿಯೊಳಗೆ, ಕೆಲಸದ ಹೊತ್ತಿನಲ್ಲಿ, ಗಿರಾಕಿಯದನ್ನು.

ಆದಕಾರಣ ಫೋನಿನ ಮಾತನ್ನು ಲಿಖಿತವಾಗಿ ಹಿಂತೆಗೆದುಕೊಂಡು, ಅವಳನ್ನು ಕೆಲವು ದಿನ ಗಿರಾಕಿಗಳ ಕಣ್ಣಿಗೆ ಬೀಳದಂತೆ ಗೋದಾಮಿನ ಲೆಕ್ಕಕ್ಕೆ ಹಾಕಿದೆವು. ಅಮಾನತ್ತಿನಲ್ಲಿಡುವುದು ಇನ್ನೊಂದು ದಾರಿ, ಆದರೆ ಅದಕ್ಕೆ ಜೀವನಾಧಾರ ಭತ್ಯೆಯ ಹೊಣೆಯಿದೆ; ಮೇಲಾಗಿ ಮನೆಯಲ್ಲಿ ಒಬ್ಬಳೇ ಕುಳಿತು ಮೊಬೈಲಿನಲ್ಲಿ ತನ್ನನ್ನೇ ಬೈದದ್ದನ್ನು ಓದುತ್ತಿರುವ ಇಪ್ಪತ್ತೆರಡು ವರ್ಷದ ಹುಡುಗಿಯ ಬಗೆಗೆ ನನಗೆ ಭಯವಿತ್ತು. ಆಪಾದನೆಯನ್ನು ಎರಡು ವಾಕ್ಯಗಳಲ್ಲಿ ಬರೆದು ಕೊಟ್ಟು, ಉತ್ತರಕ್ಕೆ ಒಂದು ವಾರ ಕೊಡಲಾಯಿತು. ಕೋಪಗೊಂಡಿದ್ದ ಮಾಲೀಕರೇ ವಿಚಾರಣೆಗೆ ಕೂರಬಾರದೆಂದು ಅವರ ಪರಿಚಯದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರನ್ನು ಕೂರಿಸಿದೆವು. ಅವಳ ಪಕ್ಕದಲ್ಲಿ ಅವಳಿಗೆ ಬೇಕಾದ ಸಹೋದ್ಯೋಗಿಯೊಬ್ಬಳು ಇದ್ದಳು. ಹೇಳಿಕೆಗಳನ್ನು ಬರೆದು, ಓದಿ ಹೇಳಿ, ಸಹಿ ಪಡೆಯಲಾಯಿತು. ತಾನಾಗಿ ಒಪ್ಪಿಕೊಂಡದ್ದು, ತಾನಾಗಿ ಅಳಿಸಿದ್ದು, ಹಿಂದೆ ಯಾವ ದೂರೂ ಇಲ್ಲದಿದ್ದದ್ದು, ಸ್ಟೇಟಸ್ಸಿನಲ್ಲಿ ಚಿತ್ರ ಹಾಕುವ ರೂಢಿಯನ್ನು ಅಂಗಡಿಯೇ ಮಾಡಿಸಿದ್ದು, ಇವೆಲ್ಲವನ್ನೂ ತೂಗಿ ಲಿಖಿತ ಎಚ್ಚರಿಕೆಯೊಂದಿಗೆ ಮುಗಿಸಲಾಯಿತು. ಅಜ್ಜಿಗೆ ಅವಳೂ ಕ್ಷಮೆ ಕೇಳಿದಳು, ಫೋನಿನಲ್ಲಿ, ಯಾರೂ ಹೇಳಿಸಿದ್ದಲ್ಲ.

ವಜಾ ಮಾಡುವುದು ಎಂದಿಗೂ ಸಲ್ಲದೆಂಬುದು ನನ್ನ ಮಾತಲ್ಲ. ನರ್ಸಿಂಗ್ ಹೋಮಿನಲ್ಲಿ ರೋಗಿಯ ಚಿತ್ರವನ್ನೋ ರೋಗದ ವಿವರವನ್ನೋ ನಗೆಗಾಗಿ ಹಾಕಿದವನನ್ನು, ಅಡುಗೆಯನ್ನು ಹೊಲಸು ಮಾಡಿ ವಿಡಿಯೋ ತೆಗೆದವನನ್ನು, ಎಚ್ಚರಿಕೆಯ ಮೇಲೂ ಒಂದು ಸಮುದಾಯವನ್ನು ನಿಂದಿಸುತ್ತ ಅದೇ ಸಮುದಾಯದ ಗಿರಾಕಿಗಳಿಗೆ ಬಡಿಸಲು ನಿಲ್ಲುವವನನ್ನು ಇಟ್ಟುಕೊಳ್ಳಬೇಕೆಂದು ನಾನು ವಾದಿಸುವುದಿಲ್ಲ. ಅಲ್ಲಿಯೂ ವಿಚಾರಣೆಯ ನಂತರವೇ ಆಜ್ಞೆಯಾಗಲಿ ಎನ್ನುತ್ತೇನೆ. ಇನ್ನು, ಕೆಲಸಕ್ಕೆ ಸಂಬಂಧವೇ ಇಲ್ಲದ ರಾಜಕೀಯದ ಮಾತನ್ನೋ ಕ್ರಿಕೆಟ್ಟಿನ ಮಾತನ್ನೋ ಹಿಡಿದು, ಅವನನ್ನು ತೆಗೆಯದಿದ್ದರೆ ಅಂಗಡಿ ಮುಚ್ಚಿಸುತ್ತೇವೆಂದು ಬರುವವರಿದ್ದಾರೆ. ಅವರಿಗೆ ‘ಅದು ಅವನ ಅಭಿಪ್ರಾಯ, ಅಂಗಡಿಯದಲ್ಲ’ ಎಂಬ ಒಂದೇ ವಾಕ್ಯ ಸಾಕು. ಮೀರಿ ನಡೆದರೆ ಪೊಲೀಸ್ ಠಾಣೆಯಿದೆ. ಓವರ್‌ಟೈಮ್ ಕೊಟ್ಟಿಲ್ಲವೆಂದು ನೌಕರನು ಬರೆದಿದ್ದರೆ, ಅದನ್ನು ಮಾನಹಾನಿಯೆಂದು ಕರೆಯುವ ಮುಂಚೆ ಹಾಜರಿ ಪುಸ್ತಕವನ್ನೊಮ್ಮೆ ತೆಗೆದು ನೋಡುವುದು ಮೇಲು.

ಒಂದು ಸಂಗತಿಯಲ್ಲಿ ಮಾತ್ರ ನಾನು ಕಠಿನವಾಗಿಯೇ ಮಾತನಾಡಬೇಕಾಗಿದೆ. ನೌಕರನನ್ನು ಗುಂಪಿನ ನಡುವೆ ನಿಲ್ಲಿಸಿ, ಕೈಮುಗಿಸಿ, ಬರೆದುಕೊಟ್ಟ ಮಾತುಗಳನ್ನು ಹೇಳಿಸಿ, ವಿಡಿಯೋ ಮಾಡಿ ಹರಿಯಬಿಡುವ ಪದ್ಧತಿ ನಮ್ಮ ಊರುಗಳಲ್ಲಿ ಬೆಳೆಯುತ್ತಿದೆ. ಗುಂಪು ಕೇಳಿತು, ಅಂಗಡಿಯ ಗಾಜು ಉಳಿಯಿತು ಎಂಬುದು ಮಾಲೀಕರ ಸಮರ್ಥನೆ. ಆ ವಿಡಿಯೋ ಅವನ ಮದುವೆಯ ಮಾತುಕತೆಗೂ, ಮುಂದಿನ ಕೆಲಸದ ಸಂದರ್ಶನಕ್ಕೂ, ಅವನ ಮಕ್ಕಳ ಶಾಲೆಗೂ ಹಿಂಬಾಲಿಸಿ ಹೋಗುತ್ತದೆ. ಕ್ಷಮೆ ಕೇಳುವುದು ಮಾಲೀಕರಾದ ತಮ್ಮ ಕೆಲಸ. ಅದನ್ನು ತಿಂಗಳಿಗೆ ಹದಿನೈದು ಸಾವಿರ ಎಣಿಸಿಕೊಳ್ಳುವವನ ಹೆಗಲಿಗೆ ಹೊರಿಸಬೇಡಿ.

ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಹೆಚ್ಚಿಲ್ಲ. ಅಂಗಡಿಯ ಪ್ರಚಾರಕ್ಕೆ ಅಂಗಡಿಯದೇ ಒಂದು ನಂಬರು, ಅಂಗಡಿಯದೇ ಒಂದು ಮೊಬೈಲು ಇರಲಿ; ಅದರಲ್ಲಿ ಯಾರ ಸ್ವಂತ ಖಾತೆಯೂ ತೆರೆದಿರದಿರಲಿ, ಏಕೆಂದರೆ ಕಿಚನ್‌ಏಡ್ ಮತ್ತು ರೆಡ್ ಕ್ರಾಸಿನ ಪ್ರಮಾದಗಳೆರಡೂ ಒಂದೇ ಕೈಯಲ್ಲಿ ಎರಡು ಖಾತೆಗಳಿದ್ದುದರಿಂದ ಆದವು. ನೌಕರರ ಸ್ಟೇಟಸ್ಸನ್ನು ಕೇಳಿ ಪಡೆಯುವುದನ್ನು ನಿಲ್ಲಿಸಿರಿ. ಕೆಲಸಕ್ಕೆ ಸೇರುವ ದಿನ ಒಂದು ಪುಟದ ಕನ್ನಡದ ತಿಳಿವಳಿಕೆ ಪತ್ರವನ್ನು ಓದಿ ಹೇಳಿ ಸಹಿ ಪಡೆಯಿರಿ: ಗಿರಾಕಿಯ ಮುಖ, ಹೆಸರು, ಬಿಲ್ಲು, ಮಾತು ಯಾವುದನ್ನೂ ಹಾಕಬಾರದು, ಸಮವಸ್ತ್ರದಲ್ಲಿ ರೀಲ್ಸ್ ಮಾಡಬಾರದು, ಮಿಕ್ಕದ್ದು ನಿಮ್ಮ ಸ್ವಂತ ವಿಷಯ, ತಪ್ಪಾದರೆ ಅಳಿಸುವ ಮೊದಲೇ ನಮಗೆ ಹೇಳಿ, ಹೇಳಿದ್ದಕ್ಕೆ ಶಿಕ್ಷೆಯಿಲ್ಲ. ಈ ಕಡೆಯ ವಾಕ್ಯವನ್ನು ಬಿಡಬೇಡಿ. ಹುಡುಗಿ ಆ ರಾತ್ರಿಯೇ ಬಂದು ಹೇಳಿದ್ದರೆ, ಮಾಲೀಕರ ಸುಳ್ಳು ಹೇಳಿಕೆ ಹುಟ್ಟುತ್ತಲೇ ಇರಲಿಲ್ಲ. ಸಾಧ್ಯವಾದರೆ ತಮ್ಮ ತಾಲ್ಲೂಕಿನ ವರ್ತಕರ ಸಂಘದ ಮುಂದಿನ ಸಭೆಯಲ್ಲಿ ಈ ಪುಟದ ಕರಡನ್ನು ಚರ್ಚೆಗಿಟ್ಟು, ನೌಕರರ ಪ್ರತಿನಿಧಿಗಳನ್ನೂ ಆ ಸಭೆಗೆ ಕರೆಯಬೇಕೆಂದು ಬೇಡಿಕೊಳ್ಳುತ್ತೇನೆ.

ಇತಿ,
ತಮ್ಮ ವಿಧೇಯ,
ಕಾರ್ಮಿಕ ವ್ಯಾಜ್ಯಗಳ ಒಬ್ಬ ವಕೀಲ